ರಬ್ಬರ್ ತೋಟ ಮಾಡಿದ ಫೋರ್ಡ್

“ಪೂರೈಕೆದಾರರನ್ನೇ ಕೊಂಡುಕೊಂಡರೆ ಕಂಪನಿಗೆ ಲಾಭವೇ ಅಲ್ಲವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ಅಮೆರಿಕದ ಕಾರು ತಯಾರಕ ಹೆನ್ರಿ ಫೋರ್ಡ್ ಅವರ ಅನುಭವ ನೋಡಿ. ಡೆಟ್ರಾಯಿಟ್ ಬಳಿಯ ರೂಜ್ ಕಾರ್ಖಾನೆಯಲ್ಲಿ ಉಕ್ಕು, ಗಾಜು ಎರಡನ್ನೂ ಕಂಪನಿಯೇ ತಯಾರಿಸುತ್ತಿತ್ತು. ಅದು ಫಲ ಕೊಟ್ಟಿತು, ಏಕೆಂದರೆ ಕಾರ್ಖಾನೆ ನಡೆಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಟೈರಿನ ರಬ್ಬರು ಏಷ್ಯಾದ ಬ್ರಿಟಿಷ್, ಡಚ್ ತೋಟಗಳ ಹಿಡಿತದಲ್ಲಿತ್ತು. ಅದರಿಂದ ಬಿಡಿಸಿಕೊಳ್ಳಲು 1928ರಲ್ಲಿ ಬ್ರೆಜಿಲ್‌ನ ಟಪಜೋಸ್ ನದಿಯ ದಂಡೆಯಲ್ಲಿ ‘ಫೋರ್ಡ್‌ಲಾಂಡಿಯಾ’ ತೋಟ ಆರಂಭಿಸಿದರು. ಕಾಡಿನಲ್ಲಿ ದೂರ ದೂರ ಬೆಳೆಯುವ ರಬ್ಬರ್ ಮರಗಳನ್ನು ಒತ್ತೊತ್ತಾಗಿ ನೆಟ್ಟಿದ್ದರಿಂದ ಎಲೆರೋಗದ ಶಿಲೀಂಧ್ರ ಒಂದರಿಂದ ಇನ್ನೊಂದಕ್ಕೆ ಸುಲಭವಾಗಿ ಹಬ್ಬಿತು. ಮರದ ರೋಗ ಬಲ್ಲವರ ಮಾತನ್ನು ಮೊದಲೇ ಕೇಳಬೇಕಿತ್ತು!

ಇನ್ನೊಂದು ಪೆಟ್ಟು ಲೆಕ್ಕದ್ದು. 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ರಬ್ಬರಿನ ಬೆಲೆ ನೆಲಕಚ್ಚಿತು. ಹೊರಗಿನಿಂದ ಕೊಳ್ಳುವವರಿಗೆ ಅದು ಅಗ್ಗದಲ್ಲಿ ಸಿಕ್ಕಿತು. ಸ್ವಂತ ತೋಟವಿದ್ದವರು ಮಾತ್ರ ಕೂಲಿ, ಆಸ್ಪತ್ರೆ, ರಸ್ತೆಗಳ ಖರ್ಚನ್ನು ಹೊರುತ್ತಲೇ ಇರಬೇಕಾಯಿತು. ಪೂರೈಕೆದಾರರನ್ನು ಬದಲಿಸಬಹುದು, ಸ್ವಂತ ತೋಟವನ್ನು ಬಿಟ್ಟು ಹೊರಬರುವುದು ಅಷ್ಟು ಸುಲಭವಲ್ಲ. 1945ರಲ್ಲಿ ಕಂಪನಿ ಭಾರಿ ನಷ್ಟದಲ್ಲಿ ತೋಟವನ್ನು ಬ್ರೆಜಿಲ್ ಸರ್ಕಾರಕ್ಕೆ ಮಾರಿತು.