ಎಂಟೂವರೆಗೆ ಆಫೀಸು: ಆ ಒಂದು ಪುಟದ ಸುತ್ತೋಲೆ

“ಈ ಮೂಲಕ ಸಮಸ್ತ ಸಿಬ್ಬಂದಿ ವರ್ಗದವರಿಗೆ ತಿಳಿಯಪಡಿಸುವುದೇನೆಂದರೆ, ಆಡಳಿತಾತ್ಮಕ ಕಾರಣಗಳಿಂದ ಕಚೇರಿ ವೇಳೆಯನ್ನು ಪರಿಷ್ಕರಿಸಲಾಗಿದ್ದು, ಸದರಿ ವೇಳೆಯನ್ನು ಎಲ್ಲರೂ ಕಟ್ಟುನಿಟ್ಟಾಗಿ ಪಾಲಿಸತಕ್ಕದ್ದು.”

ಇಂಥ ಸುತ್ತೋಲೆ ನೋಟಿಸ್ ಬೋರ್ಡಿಗೆ ಬಿದ್ದ ಹತ್ತೇ ನಿಮಿಷಕ್ಕೆ ಎಚ್‌ಆರ್ ಮುಂದೆ ಸಾಲು ನಿಲ್ಲುತ್ತದೆ. ಸಾಲಿನಲ್ಲಿರುವವರೆಲ್ಲ ಸಮಯ ಬದಲಾಗಿದ್ದಕ್ಕೇ ಸಿಟ್ಟಾದವರೇನಲ್ಲ. ನನ್ನ ಪಂಚ್ ಏನಾಗುತ್ತೆ, ಕ್ಯಾಬ್ ಎಷ್ಟೊತ್ತಿಗೆ ಬರುತ್ತೆ, ಮಗುವನ್ನು ಸ್ಕೂಲಿಗೆ ಬಿಡೋದು ಯಾರು, ಊಟ ಯಾವಾಗ ಎಂದು ಕೇಳಲು ಬಂದವರೇ ಹೆಚ್ಚು. ಇದಕ್ಕೆಲ್ಲ ಉತ್ತರ ಕಾಗದದಲ್ಲೇ ಇದ್ದಿದ್ದರೆ ಮುಕ್ಕಾಲು ಸಾಲು ಇರುತ್ತಿರಲಿಲ್ಲ. ಆದ್ದರಿಂದ ಸುತ್ತೋಲೆ ಬರೆಯುವವರು ಮೊದಲ ವಾಕ್ಯ ಹೇಗಿರಬೇಕು ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಆ ಸಾಲಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಗೀಚಿಕೊಳ್ಳಬೇಕು ಎನ್ನುವುದು ನನ್ನ ವಾದ. ಉತ್ತರ ಗೊತ್ತಿಲ್ಲದ ಪ್ರಶ್ನೆ ಒಂದಾದರೂ ಉಳಿದಿದ್ದರೆ ಸುತ್ತೋಲೆ ಹೊರಡಿಸುವ ಸಮಯ ಇನ್ನೂ ಬಂದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಬೆಂಗಳೂರಿನ ಪೀಣ್ಯ ಕಡೆ ಬಿಡಿಭಾಗ ಸರಬರಾಜು ಮಾಡುವ, 120 ಜನರಿರುವ ಒಂದು ಆಫೀಸು. ಈಗ ಬೆಳಗ್ಗೆ 9:30ರಿಂದ ಸಂಜೆ 6:30, ನಡುವೆ ಒಂದು ಗಂಟೆ ಊಟದ ಬಿಡುವು, ಭಾನುವಾರ ರಜೆ. ಇದನ್ನು 8:30ರಿಂದ 5:30ಕ್ಕೆ ತರಬೇಕಾಗಿದೆ. ಕಾರಣ ಸರಳ. ಡೀಲರುಗಳ ಆರ್ಡರು ರಾತ್ರಿಯೇ ಬಂದು ಕೂತಿರುತ್ತದೆ. ಬಿಲ್ಲು ತಡವಾದರೆ ಅವತ್ತಿನ ಲಾರಿ ತಪ್ಪುತ್ತದೆ.

ಮೇಲ್ನೋಟಕ್ಕೆ ಎಲ್ಲವನ್ನೂ ಒಂದು ಗಂಟೆ ಸರಿಸಿದರೆ ಮುಗಿಯಿತು. ಎಡವಟ್ಟಾಗುವುದು ಊಟದ ಹೊತ್ತಿನಲ್ಲಿ. ಕ್ಯಾಂಟೀನು ಚಿಕ್ಕದು ಅಂತ ಈಗ ಎರಡು ಬ್ಯಾಚ್ ಇವೆ: 1ರಿಂದ 2, 2ರಿಂದ 3. ಆಫೀಸಿನ ಸಮಯ ಬದಲಿಸುವವರು ಕ್ಯಾಂಟೀನಿನ ಸಮಯ ಮುಟ್ಟದೆ ಬಿಟ್ಟುಬಿಡುತ್ತಾರೆ. ಆಗ ಎರಡನೇ ಬ್ಯಾಚಿನವರು 8:30ಕ್ಕೆ ಕೂತವರು 2 ಗಂಟೆಯ ತನಕ, ಅಂದರೆ ಐದೂವರೆ ತಾಸು ಒಂದೇ ಸಮನೆ ಕೆಲಸ ಮಾಡಿದಂತಾಯಿತು. ಕರ್ನಾಟಕದ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಐದು ಗಂಟೆಗಿಂತ ಹೆಚ್ಚು ಹೊತ್ತು ಸತತ ದುಡಿಸುವಂತಿಲ್ಲ. ಅಷ್ಟರೊಳಗೆ ಕನಿಷ್ಠ ಒಂದು ಗಂಟೆಯ ಬಿಡುವು ಕೊಡಲೇಬೇಕು. ಅದಕ್ಕೇ ಊಟದ ಹೊತ್ತೂ ಬೇಗ ಬರಬೇಕು. 12:30 ಮತ್ತು 1:30 ಎಂದಿಟ್ಟರೆ ಎರಡನೇ ಬ್ಯಾಚಿಗೆ ಸರಿಯಾಗಿ ಐದು ಗಂಟೆ; ಕಾನೂನಿಗೆ ಸರಿ, ಆದರೆ ಒಂದು ಫೋನ್ ಕಾಲ್ ಉದ್ದವಾದರೂ ಮಿತಿ ದಾಟಿತು. 12:15 ಮತ್ತು 1:15 ಇಟ್ಟರೆ ಕಾಲು ಗಂಟೆ ಕೈಯಲ್ಲಿ ಉಳಿಯುತ್ತದೆ. “ಊಟಕ್ಕೆ ಅರ್ಧ ಗಂಟೆ ಸಾಕು, 5 ಗಂಟೆಗೇ ಹೊರಡೋಣ” ಎಂಬ ಬೇಡಿಕೆ ಸಿಬ್ಬಂದಿಯಿಂದಲೇ ಬರುತ್ತದೆ. ಆಗಲ್ಲ ಅನ್ನುವುದನ್ನೂ ಯಾಕೆ ಆಗಲ್ಲ ಅನ್ನುವುದನ್ನೂ ಮೊದಲೇ ಹೇಳಿಬಿಡುವುದು ವಾಸಿ.

ಇನ್ನೊಂದು ಲೆಕ್ಕವೂ ಇದೆ. ದಿನಕ್ಕೆ 8 ಗಂಟೆಯಂತೆ ಆರು ದಿನಕ್ಕೆ 48 ಗಂಟೆ. ಅದೇ ಕಾಯ್ದೆಯ ವಾರದ ಮಿತಿಯೂ ಅಷ್ಟೇ. ಯಾರೋ ಉತ್ಸಾಹಿ ಮ್ಯಾನೇಜರ್ ಸುತ್ತೋಲೆಯ ಕೊನೆಗೆ “ಎಲ್ಲರೂ 8:15ಕ್ಕೇ ತಮ್ಮ ಸೀಟಿನಲ್ಲಿರತಕ್ಕದ್ದು” ಎಂದು ಸೇರಿಸಿದರು ಅನ್ನಿ. ಕಾಲು ಗಂಟೆ ಅಲ್ಲವೇ ಅನ್ನಿಸುತ್ತದೆ. ಆರು ದಿನಕ್ಕೆ ಅದು ಒಂದೂವರೆ ಗಂಟೆ, ವಾರದ ಒಟ್ಟು 49:30. ಮಿತಿ ಮೀರಿದ ಹೊತ್ತಿಗೆ ಕೊಡಬೇಕಾದ ಓಟಿ ದುಪ್ಪಟ್ಟು ದರದ್ದು. ಆ ಒಂದು ಸಾಲು ಹಾಕುವವರು ಅದರ ಬಿಲ್ಲಿಗೂ ಸಹಿ ಹಾಕಬೇಕು.

ಇನ್ನು ದಿನಾಂಕ. ಹೊಸ ಸಮಯ 2026ರ ಜೂನ್ 1, ಸೋಮವಾರದಿಂದ ಎಂದುಕೊಳ್ಳೋಣ. ಕಾರ್ಮಿಕ ಎಂಬ ವ್ಯಾಖ್ಯೆಯೊಳಗೆ ಬರುವವರ ಕೆಲಸದ ಹೊತ್ತು, ಬಿಡುವಿನ ಹೊತ್ತು ಬದಲಿಸುವಾಗ 21 ದಿನಗಳ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಹೇಳುತ್ತಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಕಲಮಿನಲ್ಲೂ ಅದೇ 21 ದಿನ. ಆ ಕಾನೂನಿನ ನೋಟಿಸಿಗೆ ಅದರದೇ ನಮೂನೆ ಇದೆ, ಅದು ಬೇರೆಯಾಗಿ ಹೋಗಲಿ. ನಮ್ಮ ಸುತ್ತೋಲೆಯನ್ನೂ ಅದರ ಜೊತೆಗೇ ಬಿಡುವುದು ಒಳ್ಳೆಯದು. ಜೂನ್ 1ರಿಂದ ಹಿಂದಕ್ಕೆ 21 ದಿನ ಎಣಿಸಿದರೆ ಮೇ 11, ಸೋಮವಾರ. ಅಂಚಿಗೆ ತರದೆ ಮೇ 7, ಗುರುವಾರ ಬೆಳಗ್ಗೆಯೇ ಕಳಿಸಬೇಕು. ಶುಕ್ರವಾರ ಸಂಜೆ ಆರಕ್ಕೆ ಕಳಿಸಿ ಮನೆಗೆ ಹೋಗುವ ಚಾಳಿ ಇದೆಯಲ್ಲ, ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಕೇಳಲು ಎದುರಿಗೆ ಯಾರೂ ಇರುವುದಿಲ್ಲ, ಸೋಮವಾರದ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳೇ ಉತ್ತರ ಕೊಟ್ಟಿರುತ್ತವೆ. ಟೀಂ ಲೀಡುಗಳಿಗೆ ಹಿಂದಿನ ದಿನ, ಬುಧವಾರ, ಅದೇ ಕಾಗದವನ್ನು ತೋರಿಸಿದರೆ ಸಾಕು. ಹದಿನೈದು ದಿನ ಮೊದಲೇ ಕಿವಿಗೆ ಹಾಕಿದರೆ ಸುತ್ತೋಲೆಗಿಂತ ಮೊದಲು ಗಾಳಿಸುದ್ದಿ ಬರುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡದ್ದೇ ಒಂದು ತೊಡಕಿದೆ. “ಕಚೇರಿ ಸಮಯವನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಗಿದೆ” ಎಂದು ಬರೆದರೆ ಓದಿದ ಅರ್ಧ ಜನ ಹತ್ತೂವರೆಗೆ ಬರುತ್ತಾರೆ. ಮದುವೆ ಮುಂದಕ್ಕೆ ಹೋಯಿತು, ಪರೀಕ್ಷೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಎಂದೇ ಅರ್ಥ. “ಹಿಂದಕ್ಕೆ” ಎಂದು ಬರೆದರೆ ಉಳಿದರ್ಧ ಜನಕ್ಕೆ ಗೊಂದಲ. ಈ ಎರಡೂ ಪದಗಳ ಸಹವಾಸವೇ ಬೇಡ. ಹಳೆಯ ಸಮಯ ಇಷ್ಟು, ಹೊಸ ಸಮಯ ಇಷ್ಟು ಎಂದು ಅಂಕಿಯಲ್ಲಿ ಬರೆದರೆ ಮುಗಿಯಿತು. “ಮುಂದಿನ ಸೋಮವಾರದಿಂದ” ಎನ್ನುವುದೂ ಹಾಗೆಯೇ. ನೋಟಿಸನ್ನು ಯಾವತ್ತು ಓದಿದರು ಎನ್ನುವುದರ ಮೇಲೆ ಸೋಮವಾರ ಬದಲಾಗುತ್ತದೆ. ತಾರೀಖು, ವಾರ, ಇಸವಿ ಮೂರೂ ಇರಲಿ. ಇಸವಿ ಯಾಕೆ ಅಂದರೆ, ನೋಟಿಸಿನ ಫೋಟೋ ತೆಗೆದು ಫಾರ್ವರ್ಡ್ ಮಾಡಿದ್ದು ಬರುವ ವರ್ಷದ ಮೇ ತಿಂಗಳಲ್ಲಿ ಮತ್ತೆ ಎದ್ದು ಬರುತ್ತದೆ.

ಶಾಂತವಾಗಿ ಬರೆಯುವುದು ಅಂದರೆ ಸಿಹಿ ಹಚ್ಚುವುದಲ್ಲ. “ಸಂತಸದ ಸುದ್ದಿ!” ಎಂದು ಶುರು ಮಾಡಿ ಒಂದು ಗಂಟೆ ಬೇಗ ಏಳಿ ಎಂದರೆ ಯಾರಿಗೂ ಸಂತಸವಾಗುವುದಿಲ್ಲ. ಅತ್ತ “ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು” ಎಂದರೆ ಇನ್ನೂ ತಪ್ಪು ಮಾಡದವನಿಗೆ ಮುಂಚಿತವಾಗಿ ಬೈದಂತೆ. ಕಾರಣವನ್ನು ಒಂದೇ ವಾಕ್ಯದಲ್ಲಿ, ಇದ್ದದ್ದು ಇದ್ದಂತೆ ಹೇಳಿ. “ಆಡಳಿತಾತ್ಮಕ ಕಾರಣ” ಎಂದಾಗ ಜನ ತಮಗೆ ತೋಚಿದ್ದನ್ನು ತುಂಬಿಕೊಳ್ಳುತ್ತಾರೆ: ಕಂಪನಿ ಮಾರುತ್ತಾರಂತೆ, ಜನ ಕಡಿಮೆ ಮಾಡುತ್ತಾರಂತೆ. ಲಾರಿ ತಪ್ಪುತ್ತಿದೆ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇಷ್ಟೆಲ್ಲ ಇಟ್ಟುಕೊಂಡು ಬರೆದರೆ ಸುತ್ತೋಲೆ ಹೀಗಾಗುತ್ತದೆ:

“7 ಮೇ 2026, ಗುರುವಾರ
ವಿಷಯ: ಜೂನ್ 1ರಿಂದ ಆಫೀಸು ಬೆಳಗ್ಗೆ 8:30ರಿಂದ ಸಂಜೆ 5:30

ಎಲ್ಲರಿಗೂ ನಮಸ್ಕಾರ. 2026ರ ಜೂನ್ 1, ಸೋಮವಾರದಿಂದ ನಮ್ಮ ಆಫೀಸಿನ ಸಮಯ ಬೆಳಗ್ಗೆ 8:30ರಿಂದ ಸಂಜೆ 5:30. ಮೇ 30, ಶನಿವಾರದವರೆಗೆ ಈಗಿನಂತೆಯೇ 9:30ರಿಂದ 6:30. ಕೆಲಸದ ಒಟ್ಟು ಗಂಟೆ, ಸಂಬಳ, ರಜೆ ಯಾವುದೂ ಬದಲಾಗುವುದಿಲ್ಲ.

ಬಿಲ್ಲುಗಳು ಬೇಗ ತಯಾರಾದರೆ ಅವತ್ತಿನ ಲಾರಿಗೇ ಸರಕು ಹೋಗುತ್ತದೆ. ಅದಕ್ಕಾಗಿ ಈ ಬದಲಾವಣೆ.

ಊಟ: ಮೊದಲ ಬ್ಯಾಚ್ 12:15ರಿಂದ 1:15, ಎರಡನೆಯದು 1:15ರಿಂದ 2:15. ಆಫೀಸ್ ಕ್ಯಾಬುಗಳು ಈಗಿನದಕ್ಕಿಂತ ಒಂದು ಗಂಟೆ ಮೊದಲು ಬರುತ್ತವೆ. ಸ್ಟಾಪ್‌ವಾರು ಪಟ್ಟಿಯನ್ನು ಮೇ 25ರಂದು ಹಾಕುತ್ತೇವೆ.

ಪಂಚ್: 8:40ರವರೆಗೆ ಲೇಟ್ ಮಾರ್ಕ್ ಇಲ್ಲ. ಹೊಂದಿಕೊಳ್ಳಲು ಜೂನ್ 13ರವರೆಗೆ ಈ ಮಿತಿ 9:00.

8:30ಕ್ಕೆ ಬರುವುದು ನಿಜವಾಗಿ ಕಷ್ಟ ಎನ್ನುವವರು 9:00ರಿಂದ 6:00ರ ಸಮಯ ಕೇಳಬಹುದು. ಮೇ 20ರೊಳಗೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ, ಮೇ 25ರೊಳಗೆ ಉತ್ತರ ಕೊಡುತ್ತೇವೆ.

ಸೆಕ್ಯೂರಿಟಿ ಶಿಫ್ಟುಗಳಿಗೆ ಇದು ಅನ್ವಯಿಸುವುದಿಲ್ಲ. ಏನೇ ಕೇಳುವುದಿದ್ದರೂ ನಾಳೆ, ಶುಕ್ರವಾರ, ಮಧ್ಯಾಹ್ನ 3ರಿಂದ 4 ಎಚ್‌ಆರ್‌ನವರು ಕ್ಯಾಂಟೀನಿನಲ್ಲೇ ಇರುತ್ತಾರೆ.”

9:00ರ ಆಯ್ಕೆಯ ಬಗ್ಗೆ ಒಂದು ಮಾತು. ಜೂನ್ ಆರಂಭ ಅಂದರೆ ಶಾಲೆ ಶುರುವಾಗುವ ಹೊತ್ತು, ಮಕ್ಕಳನ್ನು ಬಿಟ್ಟು ಬರುವವರು ಇದ್ದೇ ಇರುತ್ತಾರೆ. ಅವರ ವಿಷಯವನ್ನು “ಆಯಾ ವಿಭಾಗದ ಮ್ಯಾನೇಜರ್ ವಿವೇಚನೆಗೆ ಬಿಡಲಾಗಿದೆ” ಎಂದು ಬರೆಯಬೇಡಿ. ಅಕೌಂಟ್ಸಿನಲ್ಲಿ ಸಿಕ್ಕಿದ್ದು ಸ್ಟೋರ್ಸಿನಲ್ಲಿ ಸಿಗುವುದಿಲ್ಲ, ಜಗಳ ಅಲ್ಲಿಂದಲೇ ಹುಟ್ಟುತ್ತದೆ. ಅರ್ಜಿ ಒಂದೇ ಕಡೆ, ಉತ್ತರವೂ ಒಂದೇ ಕಡೆಯಿಂದ.

ಸುತ್ತೋಲೆ ಎಷ್ಟೇ ಚೆನ್ನಾಗಿದ್ದರೂ ಅದನ್ನು ಸುಳ್ಳು ಮಾಡುವುದು ಹಾಜರಿ ಸಾಫ್ಟ್‌ವೇರ್. ಜೂನ್ 1ರ ಸಂಜೆ 5:30ಕ್ಕೆ ಎಲ್ಲರೂ ಪಂಚ್ ಮಾಡಿ ಹೊರಟರು, ಮೆಷೀನಿನಲ್ಲಿ ಇನ್ನೂ ಹಳೆಯ ಶಿಫ್ಟೇ ಇದೆ ಎಂದುಕೊಳ್ಳಿ. 120 ಜನರೂ “ಒಂದು ಗಂಟೆ ಬೇಗ ಹೋದವರು”. ಇದನ್ನು ಸರಿಪಡಿಸಲು ಹೋಗಿ ಹಳೆಯ ಶಿಫ್ಟಿನ ಸಮಯವನ್ನೇ 8:30 ಎಂದು ತಿದ್ದಿದರೆ ಇನ್ನೊಂದು ಅನಾಹುತ. ಆಮೇಲೆ ಯಾರಾದರೂ ಮೇ ತಿಂಗಳ ಹಾಜರಿಯನ್ನು ಮತ್ತೊಮ್ಮೆ ಪ್ರೋಸೆಸ್ ಮಾಡಿದರೆ, ಆಗ 9:30ಕ್ಕೆ ಸರಿಯಾಗಿ ಬಂದಿದ್ದವರಿಗೆಲ್ಲ ಒಂದು ಗಂಟೆ ಲೇಟ್ ಬೀಳಬಹುದು. ಹಳೆಯದನ್ನು ಮುಟ್ಟದೆ ಹೊಸ ಶಿಫ್ಟ್ ಕೋಡ್ ಮಾಡಿ, ಜೂನ್ 1ರಿಂದ ಎಂಬ ತಾರೀಖಿನೊಂದಿಗೆ ಎಲ್ಲರಿಗೂ ಹಚ್ಚಬೇಕು. ಗ್ರೇಸ್ ಮಿತಿಯನ್ನು ಜೂನ್ 15ರ ಸೋಮವಾರದಿಂದ 8:40ಕ್ಕೆ ತರುವುದನ್ನೂ ಆಗಲೇ ಬರೆದಿಟ್ಟುಕೊಳ್ಳಿ. ಅರ್ಧ ದಿನದ ರಜೆಯ ಗೆರೆಯೂ ಸರಿಯಬೇಕು: ಬೆಳಗಿನ ಅರ್ಧ ಜೂನ್ 1ರಿಂದ 12:30ಕ್ಕೆ ಮುಗಿಯುತ್ತದೆ, 1:30ಕ್ಕಲ್ಲ. ನಿಮ್ಮಲ್ಲಿ ಸಂಬಳದ ಲೆಕ್ಕ 26ರಿಂದ 25ರವರೆಗೆ ನಡೆಯುವುದಾದರೆ ಜೂನ್ 1 ಆ ಚಕ್ರದ ನಡುವೆ ಬೀಳುತ್ತದೆ, ಒಂದೇ ಪೇ ಸ್ಲಿಪ್ಪಿನಲ್ಲಿ ಎರಡು ನಿಯಮ. ಅಂಥ ಕಡೆ ಮೇ 26ರಿಂದಲೇ ಶುರು ಮಾಡುವುದು ಅಥವಾ ಜೂನ್ 26ಕ್ಕೆ ತಳ್ಳುವುದು ಲೇಸು. ಮೇ 26 ಎಂದಾದರೆ ಸುತ್ತೋಲೆಯೂ ಆ ಲೆಕ್ಕಕ್ಕೆ ಬೇಗ ಹೋಗಬೇಕು.

ಮೇಲ್ ಐಡಿಯೇ ಇಲ್ಲದವರನ್ನು ಮರೆಯಬೇಡಿ. ಹೌಸ್‌ಕೀಪಿಂಗಿನವರು, ಕ್ಯಾಂಟೀನಿನವರು ಕಂಟ್ರಾಕ್ಟರ್ ಕಡೆಯವರು. ಆಫೀಸು 8:30ಕ್ಕೆ ಶುರುವಾಗಬೇಕಾದರೆ ಗುಡಿಸಿ ಒರೆಸುವವರು 7:30ಕ್ಕೆ ಬರಬೇಕು, ಹಾಗೆಯೇ ಒಂದು ಗಂಟೆ ಮೊದಲೇ ಹೊರಡಬೇಕು. ಎರಡನೆಯದನ್ನು ಕಂಟ್ರಾಕ್ಟರಿಗೆ ಬರವಣಿಗೆಯಲ್ಲಿ ಕೊಡದಿದ್ದರೆ ಬರುವುದು ಮಾತ್ರ ಬೇಗ ಆಗುತ್ತದೆ, ಹೋಗುವುದು ಹಳೆಯ ಹೊತ್ತಿಗೇ ಉಳಿಯುತ್ತದೆ.

ಮೇ 30ರ ಶನಿವಾರ ಸಂಜೆ ಯಾರಾದರೂ ಒಬ್ಬರು ಉಳಿದುಕೊಂಡು ಗೇಟಿನ ಬೋರ್ಡು, ಗೂಗಲ್ ಮ್ಯಾಪಿನ ಸಮಯ, ಫೋನ್ ಎತ್ತಿದರೆ ಕೇಳಿಸುವ ರೆಕಾರ್ಡೆಡ್ ದನಿ, ಇವು ಮೂರನ್ನೂ ಬದಲಿಸಬೇಕು. ಇಲ್ಲದಿದ್ದರೆ ಜೂನ್ 1ರಂದು ಸಂಜೆ ಆರಕ್ಕೆ ಡೀಲರೊಬ್ಬರು ಬಂದು ಬೀಗ ನೋಡಿ, ಸೆಕ್ಯೂರಿಟಿಯವರ ಹತ್ತಿರ “ಬೋರ್ಡಿನಲ್ಲಿ ಆರೂವರೆ ಅಂತಿದೆಯಲ್ಲಪ್ಪ” ಎನ್ನುತ್ತಾರೆ.