ತಟ್ಟೆ ಇಡ್ಲಿಯ ಎದುರು ಮೌನ

ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ತಟ್ಟೆ ಇಡ್ಲಿ ತಿನ್ನುವುದು ನಮ್ಮ ಮನೆಯ ಹಳೆಯ ವ್ರತ. ಹೋದ ತಿಂಗಳು ಮಗಳೂ ಜೊತೆಗೆ ಬಂದಿದ್ದಳು. ಕೈ ತೊಳೆದು ಹೊರಗೆ ಬಂದವಳೇ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ, ಇಪ್ಪತ್ತು ನಿಮಿಷ ನೀನೂ ಅಪ್ಪನೂ ಒಂದೇ ಒಂದು ಮಾತು ಆಡಲಿಲ್ಲ. ಎಲ್ಲ ಸರಿಯಾಗಿದೆ ತಾನೇ?" ಎಂದು ಕೇಳಿದಳು. ಇಡ್ಲಿ ಬಿಸಿಯಾಗಿತ್ತು ಎಂದೆ. ಅವಳು ನಂಬಲಿಲ್ಲ. ಮನೆಗೆ ಬಂದ ಮೇಲೆ ನನಗೂ ಅಷ್ಟಾಗಿ ನಂಬಿಕೆ ಬರಲಿಲ್ಲ.

ಮದುವೆಯಾಗಿ ಇಪ್ಪತ್ತೆಂಟು ವರ್ಷವಾದ ಮೇಲೆ ಮೌನವನ್ನು ನೋಡಿ ಏನನ್ನೂ ಹೇಳಲಾಗದು. ನಮ್ಮ ಬೀದಿಯಲ್ಲೇ ಒಂದು ದಂಪತಿ ಇದ್ದರು. ಜಗಳವಿಲ್ಲ, ದನಿ ಏರಿಸಿದ್ದಿಲ್ಲ. ನಾವೆಲ್ಲ ಅವರನ್ನು ತೋರಿಸಿ ಮಕ್ಕಳಿಗೆ ಬುದ್ಧಿ ಹೇಳುತ್ತಿದ್ದೆವು. ಮಗ ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಅವರಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು. ಆ ಹೊತ್ತಿಗೆ ಅವರು ಮಾಡಿದ್ದು ಒಂದೇ, ಇನ್ನೊಂದು ಟಿವಿ ತಂದದ್ದು. ಆಕೆ ಒಮ್ಮೆ ನನ್ನ ಬಳಿ, "ಮೊದಲು ಅವರು ತಡವಾಗಿ ಬಂದರೆ ರೇಗುತ್ತಿದ್ದೆ, ಈಗ ಗಡಿಯಾರವನ್ನೇ ನೋಡುವುದಿಲ್ಲ" ಎಂದಿದ್ದರು. ಆಗ ಅದನ್ನು ತಾಳ್ಮೆ ಎಂದುಕೊಂಡಿದ್ದೆ. ನಿರೀಕ್ಷೆ ಹೋದ ಮೇಲೆ ದೂರೂ ಹೋಗುತ್ತದೆ ಎಂಬುದು ಅವರು ಬೇರೆ ಬೇರೆ ಮನೆ ಮಾಡಿದ ಮೇಲೆ ಹೊಳೆಯಿತು.

ನಮ್ಮ ಮನೆಯಲ್ಲಿ ಹೊತ್ತಿನ ಲೆಕ್ಕ ಬೇರೆಯೇ ಇತ್ತು. ನಾದಿನಿಯ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ಇವರು ಎರಡು ತಿಂಗಳು ಬೆಂಗಳೂರಿಗೂ ತುಮಕೂರಿಗೂ ಓಡಾಡಿದರು. ಅಮಾನಿಕೆರೆಯ ಸಂಜೆಯ ನಡಿಗೆ ಪೂರ್ತಿ ನಿಂತಿತ್ತು. ಆಕೆ ಚೇತರಿಸಿಕೊಂಡ ವಾರವೇ ಇವರು ಯಾರೂ ಹೇಳದೆ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ನಿಂತಿದ್ದರು. ಕಷ್ಟದ ಎರಡು ತಿಂಗಳನ್ನು ಅಳೆದು ಸಂಬಂಧ ಬತ್ತಿತು ಎನ್ನಬಾರದು. ಕಷ್ಟ ತೀರಿದ ಮೇಲೆ ಬಿಡುವು ಯಾವ ಕಡೆಗೆ ಹರಿಯಿತು ಎಂದು ನೋಡಬೇಕು.

ತಮಾಷೆಯ ವಿಷಯದಲ್ಲಿ ನಾವು ಕಡು ಜಿಪುಣರು. ನಮ್ಮಲ್ಲಿರುವುದು ಒಂದೇ ತಮಾಷೆ. ಹಿಂದೊಮ್ಮೆ ದೇವರಾಯನದುರ್ಗದ ಏರಿನಲ್ಲಿ ಸ್ಕೂಟರ್ ಕೆಟ್ಟು ನಿಂತಾಗ ಇವರು ಗಂಭೀರವಾಗಿ, "ಕೆಟ್ಟಿಲ್ಲ, ವಿಶ್ರಾಂತಿಯಲ್ಲಿದೆ" ಎಂದಿದ್ದರು. ಅಂದಿನಿಂದ ಮಿಕ್ಸಿ ವಿಶ್ರಾಂತಿಯಲ್ಲಿದೆ, ನನ್ನ ಮೊಣಕಾಲು ವಿಶ್ರಾಂತಿಯಲ್ಲಿದೆ, ಬೀದಿಯ ಚರಂಡಿ ಕೆಲಸವಂತೂ ವರ್ಷಗಟ್ಟಲೆ ವಿಶ್ರಾಂತಿಯಲ್ಲಿದೆ. ತಮಾಷೆ ಹಳೆಯದಾಗಲಿ, ಅದಕ್ಕೆ ಹೊಸ ಸದಸ್ಯರು ಸೇರುತ್ತಿದ್ದರೆ ಭಯವಿಲ್ಲ. ನೆಂಟರ ಮುಂದೆ ಒಬ್ಬರು ನಕ್ಕು, ಇನ್ನೊಬ್ಬರು ತಲೆ ತಗ್ಗಿಸುವಂಥ ತಮಾಷೆ ಶುರುವಾದರೆ ಭಯಪಡಬೇಕು. ತಾತ್ಸಾರಕ್ಕೂ ಹಲ್ಲು ಕಾಣುತ್ತದೆ.

ನಾನು ಸಿಕ್ಕಿಬಿದ್ದದ್ದು ಕುತೂಹಲದಲ್ಲಿ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಹೊಸದಾಗಿ ಮದುವೆಯಾದವರ ಮಾತುಕತೆಯನ್ನು ಗಮನಿಸಿ, ಆರು ವರ್ಷದ ಬಳಿಕ ಅವರು ಏನಾದರೆಂದು ನೋಡಿದವರು. "ಅಲ್ಲಿ ನೋಡು, ಹಕ್ಕಿ" ಎನ್ನುವಂಥ ಸಣ್ಣ ಕರೆಗಳಿಗೆ, ಜೊತೆಯಾಗಿ ಉಳಿದವರು ನೂರಕ್ಕೆ 86 ಸಲ ಓಗೊಟ್ಟಿದ್ದರಂತೆ. ಬೇರೆಯಾದವರು 33 ಸಲ. ನಮ್ಮಂಥ ಹಳೇ ಜೋಡಿಗೆ ಆ ಅಂಕಿ ಹಾಗೇ ಅನ್ವಯಿಸಬೇಕೆಂದಿಲ್ಲ. ಆದರೂ ಒಂದು ಭಾನುವಾರ ಗುಟ್ಟಾಗಿ ಎಣಿಸಿದೆ. ಪತ್ರಿಕೆಯ ಸುದ್ದಿ, ಎದುರು ಮನೆಯ ಬೆಕ್ಕು, ಮೋಡ, ಕಳೆದುಹೋದ ಪೆನ್ನು ಎಲ್ಲ ಸೇರಿ ಸಂಜೆಯವರೆಗೆ ಇವರು ಹನ್ನೊಂದು ಸಲ ಕರೆದಿದ್ದರು. ನಾನು ತಲೆ ಎತ್ತಿದ್ದು ನಾಲ್ಕು ಸಲ. ಅವುಗಳಲ್ಲಿ ಒಂದು ಬೆಕ್ಕಿಗಾಗಿ. ಮಗಳಿಗೆ ಕೇಳಿಸಿದ ಮೌನದಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನದೇ ಎಂದಾಯಿತು. ಇವರು ಹನ್ನೆರಡನೆಯ ಸಲ ಕರೆಯುವುದನ್ನು ನಿಲ್ಲಿಸಿದ್ದರೆ ಆಗ ಮಗಳ ಪ್ರಶ್ನೆಗೆ ಉತ್ತರ ಬೇರೆ ಇರುತ್ತಿತ್ತು.

ಮರುವಾರ ಕ್ಯಾತ್ಸಂದ್ರದಲ್ಲಿ ಕಾಫಿ ತಂದ ಹುಡುಗ ಎರಡು ಲೋಟವನ್ನೂ ನೋಡಿ, "ಸಕ್ಕರೆ ಇಲ್ಲದ್ದು ಯಜಮಾನರಿಗೆ ಅಲ್ಲವೇ?" ಎಂದ. ನನಗೆ ದಿಗ್ಭ್ರಮೆ. ಮನೆಯಲ್ಲಿ ದಿನಾ ಎರಡು ಚಮಚ ಹಾಕಿ ಕೊಡುತ್ತಿರುವವಳು ನಾನೇ.

"ಯಾವಾಗಿನಿಂದ ಇದು?"

"ಯುಗಾದಿಯಿಂದ."

"ಮನೆಯಲ್ಲಿ ಯಾಕೆ ಹೇಳಲಿಲ್ಲರೀ?"

"ಹೇಳಿದೆ. ನೀನು ಮೊಬೈಲ್ ನೋಡುತ್ತಿದ್ದೆ." ಇವರು ಲೋಟವನ್ನು ಊದಿ, ಇಡ್ಲಿಯ ಮೇಲಿನ ಬೆಣ್ಣೆ ಕರಗುವುದನ್ನು ನೋಡುತ್ತ ಕೂತರು. ಸ್ವಲ್ಪ ಹೊತ್ತು ಬಿಟ್ಟು ನಾನೇ ಕೇಳಿದೆ:

"ಹಾಗಾದರೆ ಸಕ್ಕರೆ?"

"ವಿಶ್ರಾಂತಿಯಲ್ಲಿದೆ."