ಅಬ್‌ಸ್ಟ್ರಾಕ್ಟ್ ಅನ್ನು ಸಿನಾಪ್ಸಿಸ್‌ನಿಂದ ಎತ್ತಬೇಡಿ

ಪ್ರಾಜೆಕ್ಟ್ ರಿಪೋರ್ಟ್‌ಗಳ ಕಾಲ ಬಂದಿದೆ. ಮಂಗಳೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಬೈಂಡಿಂಗಿಗೆ ಸಾಲು. ಪರಿಚಯದ ಮಕ್ಕಳು ಓದಿ ನೋಡಿ ಅಂತ ರಿಪೋರ್ಟ್ ಕಳಿಸುತ್ತಾರೆ, ನಾನು ಖುಷಿಯಿಂದ ಓದುತ್ತೇನೆ. ಒಳಗಿನ ಕೆಲಸ ಎಷ್ಟೋ ಸಲ ತುಂಬಾ ಚೆನ್ನಾಗಿರುತ್ತದೆ. ಆದರೆ ಅಬ್‌ಸ್ಟ್ರಾಕ್ಟ್ ಓದಿದರೆ ಆ ಕೆಲಸದ ಸುಳಿವೇ ಸಿಗುವುದಿಲ್ಲ. ಕಾರಣ ಹೆಚ್ಚಾಗಿ ಒಂದೇ. ಅದನ್ನು ಬರೆದದ್ದು ಪ್ರಾಜೆಕ್ಟ್ ಶುರುವಾಗುವ ಮೊದಲು, ಸಿನಾಪ್ಸಿಸ್ ಕೊಡುವಾಗ. ಅದನ್ನೇ ಎತ್ತಿ ಇಲ್ಲಿ ಅಂಟಿಸಿರುತ್ತಾರೆ.

ಹೀಗಾಗಿದೆಯಾ ಅಂತ ಕಂಡುಹಿಡಿಯುವುದು ಸುಲಭ, ಕ್ರಿಯಾಪದ ನೋಡಿ. ಕೆಲಸ ಮುಗಿದ ಮೇಲೂ 'ವಿನ್ಯಾಸ ಮಾಡಲಾಗುವುದು', 'ಪರೀಕ್ಷಿಸುವ ಉದ್ದೇಶವಿದೆ' ಅಂತಿದ್ದರೆ ಅದು ಹಳೆಯ ಸಿನಾಪ್ಸಿಸ್. ಆಗ ಫಲಿತಾಂಶ ಇರಲೇ ಇಲ್ಲ, ಅದಕ್ಕೇ ಕೊನೆಯ ಸಾಲು 'ತೃಪ್ತಿಕರ ಫಲಿತಾಂಶ ನಿರೀಕ್ಷಿಸಲಾಗಿದೆ' ಅಂತ ನಿಲ್ಲುತ್ತದೆ.

ಊರಿನದೇ ಒಂದು ಉದಾಹರಣೆ ಹೇಳ್ತೇನೆ. ಅಡಿಕೆ ಒಣಗಿಸುವ ಸೋಲಾರ್ ಡ್ರೈಯರ್ ಪ್ರಾಜೆಕ್ಟ್ ಅಂತಿಟ್ಟುಕೊಳ್ಳಿ. ಅಂಕಿಗಳು ಉದಾಹರಣೆಗೆ ನಾನೇ ಹಾಕಿದ್ದು. ಮೊದಲ ಕರಡು ಹೀಗೆ ಶುರುವಾಗುತ್ತದೆ: 'ಭಾರತ ಕೃಷಿ ಪ್ರಧಾನ ದೇಶ. ಸೌರಶಕ್ತಿ ನವೀಕರಿಸಬಹುದಾದ ಇಂಧನ.' ಇದನ್ನು ಹೊಡೆದುಹಾಕಿ. ಯಾವ ಸೋಲಾರ್ ಪ್ರಾಜೆಕ್ಟಿನ ಮೇಲೆ ಬೇಕಾದರೂ ಕೂರುವ ಸಾಲುಗಳು ಅವು. ಈ ಪ್ರಾಜೆಕ್ಟಿನ ಸಮಸ್ಯೆ ಅಂಗಳದಲ್ಲಿದೆ, ಅಲ್ವಾ? ಹಣ್ಣಡಿಕೆ ಒಣಗಿ ಚಾಲಿಯಾಗಲು ಸುಮಾರು 40 ದಿನ ಬಿಸಿಲು ಬೇಕು. ನಡುವೆ ಅಕಾಲ ಮಳೆ ಬಂದರೆ ಬೂಸು ಹಿಡಿಯುತ್ತದೆ. ಸಮಸ್ಯೆಗೆ ಇಷ್ಟು ಸಾಕು, ಎರಡು ಸಾಲು.

ಮುಂದಿನದು ಏನು ಮಾಡಿದಿರಿ ಅನ್ನುವುದು. ಬಳಸಿದ ಫ್ಯಾನು, ಸೆನ್ಸರುಗಳ ಮಾಡೆಲ್ ನಂಬರ್ ಒಳಗಿನ ಅಧ್ಯಾಯಕ್ಕೆ ಬಿಡಿ. ಓದುವವರಿಗೆ ಬೇಕಾದದ್ದು ಹೋಲಿಕೆ ಹೇಗೆ ಮಾಡಿದಿರಿ ಅನ್ನುವುದು. ಒಂದೇ ಕೊಯ್ಲಿನ ಅಡಿಕೆಯನ್ನು ಎರಡು ಪಾಲು ಮಾಡಿ, ಒಂದನ್ನು ಡ್ರೈಯರಿಗೆ, ಒಂದನ್ನು ಅಂಗಳಕ್ಕೆ ಹಾಕಿದ ಮಾತು ಅಬ್‌ಸ್ಟ್ರಾಕ್ಟಿನಲ್ಲಿ ಇರಲೇಬೇಕು. ಅದಿಲ್ಲದಿದ್ದರೆ ಆಮೇಲೆ ಬರುವ ಅಂಕಿಗೆ ಬೆಲೆಯಿಲ್ಲ.

ಎಲ್ಲಾ ಸೇರಿಸಿದರೆ ಹೀಗಾಗುತ್ತದೆ (ರಿಪೋರ್ಟ್ ಇಂಗ್ಲಿಷಿನಲ್ಲಿದ್ದರೂ ರೂಪ ಇದೇ):

'ಕರಾವಳಿಯಲ್ಲಿ ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಲು ಸುಮಾರು 40 ದಿನ ಬೇಕು. ಅಕಾಲ ಮಳೆ ಬಂದರೆ ಬೂಸು ಹಿಡಿಯುತ್ತದೆ. ಇದಕ್ಕಾಗಿ ಪಾರದರ್ಶಕ ಶೀಟಿನ ಗೂಡು ಕಟ್ಟಿ, ಸೋಲಾರ್ ಫ್ಯಾನಿನಿಂದ ಗಾಳಿ ಹಾಯಿಸಲಾಯಿತು. ಒಂದೇ ಕೊಯ್ಲಿನ 20 ಕೆ.ಜಿ. ಅಡಿಕೆಯನ್ನು ಗೂಡಿನಲ್ಲೂ 20 ಕೆ.ಜಿ.ಯನ್ನು ಅಂಗಳದಲ್ಲೂ ಹರಡಿ, ತೂಕ ಇಳಿಯುವುದು ನಿಲ್ಲುವ ತನಕ ಪ್ರತಿ ಸಂಜೆ ತೂಗಲಾಯಿತು. ಅಂಗಳದಲ್ಲಿ 41 ದಿನ, ಗೂಡಿನಲ್ಲಿ 27 ದಿನ ಹಿಡಿಯಿತು. ಪರೀಕ್ಷೆ ಫೆಬ್ರವರಿ, ಮಾರ್ಚ್‌ನಲ್ಲಿ ಒಂದೇ ಸಲ ನಡೆದಿದೆ. ಮಳೆಯ ದಿನಗಳಲ್ಲಿ ನೋಡಿಲ್ಲ.'

ಆ ಕೊನೆಯ ಎರಡು ಸಾಲಿಗೆ ಮಕ್ಕಳು ಹೆದರುತ್ತಾರೆ. ಮಾರ್ಕು ಹೋಗುತ್ತದೆ ಅಂತ ತೆಗೆದುಬಿಡುತ್ತಾರೆ. ನನ್ನ ಪ್ರಕಾರ ತೆಗೆಯಲೇಬಾರದು. ಸಮಸ್ಯೆ ಹೇಳುವಾಗ ಮಳೆ ಅಂದಿದ್ದೀರಿ, ಪರೀಕ್ಷೆ ಮಾಡಿದ್ದು ಬಿಸಿಲಲ್ಲಿ. ವೈವಾಕ್ಕೆ ಬರುವ ಎಕ್ಸ್‌ಟರ್ನಲ್‌ಗೆ ಈ ಅಂತರ ಕಾಣದೇ ಇರುತ್ತದಾ? ನೀವೇ ಹೇಳಿಬಿಟ್ಟರೆ ಅದು ಪರೀಕ್ಷೆಯ ಮಿತಿ. ಅವರು ಕೇಳಿದ ಮೇಲೆ ಒಪ್ಪಿಕೊಂಡರೆ ಮುಚ್ಚಿಟ್ಟ ಹಾಗೆ ಕಾಣುತ್ತದೆ.

ಇನ್ನೊಂದು ತಪ್ಪು ಇದೇ ಜಾಗದಲ್ಲಿ ಆಗುತ್ತದೆ. 41ರಿಂದ 27ಕ್ಕೆ ಇಳಿದದ್ದನ್ನು 'ದಕ್ಷತೆ 34% ಹೆಚ್ಚಿತು' ಅಂತ ಬರೆಯುತ್ತಾರೆ. ಹೆಚ್ಚಿದ್ದು ದಕ್ಷತೆ ಅಲ್ಲ, ಕಡಿಮೆಯಾದದ್ದು ಸಮಯ. ಡ್ರೈಯರಿನ ದಕ್ಷತೆ ಬೇರೆಯೇ ಲೆಕ್ಕ: ಬಿದ್ದ ಬಿಸಿಲಿನ ಶಕ್ತಿಯಲ್ಲಿ ಎಷ್ಟು ಪಾಲು ನೀರನ್ನು ಆವಿ ಮಾಡಲು ಹೋಯಿತು ಅನ್ನುವುದು. ಅದನ್ನು ಅಳೆದಿಲ್ಲದಿದ್ದರೆ ಆ ಪದವೇ ಬೇಡ. 'ಸಮಯ ಸುಮಾರು ಮೂರನೇ ಒಂದು ಪಾಲು ಕಡಿಮೆ' ಅಂದರೆ ಸಾಕು, ಅದು ನಿಜವೂ ಹೌದು.

ಹಾಗಾಗಿ ಅಬ್‌ಸ್ಟ್ರಾಕ್ಟನ್ನು ಕೊನೆಗೆ ಬರೆಯಿರಿ, ಫಲಿತಾಂಶದ ಅಧ್ಯಾಯವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು. ಅಬ್‌ಸ್ಟ್ರಾಕ್ಟಿನ ಪ್ರತಿ ಅಂಕಿ ಒಳಗೆ ಯಾವ ಟೇಬಲ್ಲಿನಲ್ಲಿದೆ ಅಂತ ಬೆರಳಿಟ್ಟು ನೋಡಿ. ಗೈಡ್ ಕೊನೇ ಗಳಿಗೆಯಲ್ಲಿ ತಿದ್ದುಪಡಿ ಹೇಳಿದಾಗ ಟೇಬಲ್ಲಿನಲ್ಲಿ 27 ಹೋಗಿ 28 ಆಗಿರುತ್ತದೆ, ಅಬ್‌ಸ್ಟ್ರಾಕ್ಟಿನಲ್ಲಿ ಹಳೆಯದೇ ಉಳಿದಿರುತ್ತದೆ. ಗಟ್ಟಿ ರಟ್ಟು ಹಾಕಿಸಿದ ಮೇಲೆ ಇದು ಕಣ್ಣಿಗೆ ಬಿದ್ದರೆ ಎಲ್ಲಾ ಪ್ರತಿಯನ್ನೂ ಬಿಚ್ಚಿಸಬೇಕಾಗುತ್ತದೆ.